ಆ್ಯಪಲ್ ವಾಚ್‌ನಲ್ಲಿ ಮೆಸೇಜ್ ಬರೆಯುವುದು: ಸ್ಕ್ರಿಬಲ್, ಕೀಬೋರ್ಡ್, ಡಿಕ್ಟೇಷನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಣಿಕಟ್ಟಿನ ಮೇಲಿನ ಪುಟ್ಟ ಪರದೆಯಲ್ಲಿ ಮೆಸೇಜ್ ಬರೆಯಲು ಮೂರು ದಾರಿ ಇವೆ. ಬೆರಳಲ್ಲಿ ಅಕ್ಷರ ಗೀಚಬಹುದು, ಕೀಬೋರ್ಡ್ ಒತ್ತಬಹುದು, ಇಲ್ಲವೇ ಬಾಯಲ್ಲಿ ಹೇಳಿ ಬರೆಸಬಹುದು. ಯಾವಾಗ ಯಾವುದು ಸರಿ ಅನ್ನುವ ಗೊಂದಲ ಎಲ್ಲರಿಗೂ ಇದೆ. ಕನ್ನಡದಲ್ಲಿ ಮಾತಾಡಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ನಮಗಂತೂ ಈ ಗೊಂದಲ ಇನ್ನೂ ಜಾಸ್ತಿ. ಇಲ್ಲಿರುವ ಉತ್ತರಗಳು ಆ್ಯಪಲ್ ವಾಚ್‌ಗೆ ಸಂಬಂಧಿಸಿದ್ದು. ಬೇರೆ ವಾಚ್ ಇರುವವರಿಗಾಗಿ ಕೊನೆಯಲ್ಲಿ ಒಂದು ಪ್ರಶ್ನೆ ಇದೆ.

ಸ್ಕ್ರಿಬಲ್ ಅಂದರೆ ನಿಜವಾಗಿ ಏನು?

ಪರದೆಯ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತೀರಿ, ವಾಚ್ ಅದನ್ನು ಓದಿ ಟೈಪ್ ಮಾಡಿದ ಅಕ್ಷರವಾಗಿ ಬದಲಿಸುತ್ತದೆ. ಇದು 2016ರಲ್ಲಿ ವಾಚ್ಓಎಸ್ 3ರ ಜೊತೆ ಬಂತು. ಅಲ್ಲಿಯವರೆಗೆ ಬಂದ ಮೆಸೇಜಿಗೆ ಸಿದ್ಧ ಉತ್ತರ, ಎಮೋಜಿ, ಇಲ್ಲವೇ ಮಾತು ಇಷ್ಟೇ ಇತ್ತು.

ಹೊಸಬರು ಮಾಡುವ ತಪ್ಪು ಏನೆಂದರೆ, ಕಾಗದದ ಮೇಲೆ ಬರೆದಂತೆ ಎಡದಿಂದ ಬಲಕ್ಕೆ ಪೂರ್ತಿ ಪದ ಬರೆಯಲು ಹೋಗುವುದು. ಅದು ಬೇಡ. ಒಂದು ಅಕ್ಷರವನ್ನು ಇಡೀ ಬರೆಯುವ ಜಾಗ ತುಂಬುವಷ್ಟು ದೊಡ್ಡದಾಗಿ ಬರೆಯಿರಿ. ಅದು ಮೇಲಿನ ಸಾಲಿಗೆ ಹೋಗುತ್ತದೆ. ಮುಂದಿನ ಅಕ್ಷರವನ್ನು ಮತ್ತೆ ಅದೇ ಜಾಗದಲ್ಲಿ, ಹಿಂದಿನದರ ಮೇಲೆಯೇ ಬರೆಯಿರಿ. ಪದ ಮುಗಿದಾಗ ಸ್ಪೇಸ್ ಬಟನ್ ಒತ್ತಿ. ಇಷ್ಟೇ.

ನನ್ನ ವಾಚ್‌ನಲ್ಲಿ ಕೀಬೋರ್ಡ್ ಕಾಣುತ್ತಿಲ್ಲ. ಸೆಟ್ಟಿಂಗ್‌ನಲ್ಲಿ ಏನಾದರೂ ಆನ್ ಮಾಡಬೇಕಾ?

ಹೆಚ್ಚಿನವರ ವಿಷಯದಲ್ಲಿ ಸೆಟ್ಟಿಂಗ್ ಕಾರಣ ಅಲ್ಲ, ಮಾಡೆಲ್ ಕಾರಣ. ಪೂರ್ತಿ ಕೀಬೋರ್ಡ್ ಮೊದಲು ಬಂದಿದ್ದು 2021ರ ಸೀರೀಸ್ 7ರಲ್ಲಿ. ಹಿಂದಿನ ಮಾಡೆಲ್‌ಗಿಂತ ಪರದೆ ದೊಡ್ಡದಾಯಿತು, ಆದ್ದರಿಂದ ಕೀಲಿಗಳಿಗೆ ಜಾಗ ಸಿಕ್ಕಿತು. ಸೀರೀಸ್ 7 ಮತ್ತು ನಂತರದ ಸೀರೀಸ್‌ಗಳಲ್ಲಿ, ಅಲ್ಟ್ರಾದಲ್ಲಿ ಕೀಬೋರ್ಡ್ ಇದೆ. ಸೀರೀಸ್ 6ರಲ್ಲಿ ಇಲ್ಲ. 2020ರ ಮತ್ತು 2022ರ ಎಸ್ಇ ಮಾಡೆಲ್‌ಗಳಲ್ಲೂ ಇಲ್ಲ. 2022ರ ಎಸ್ಇ ಹೊಸದಲ್ವಾ, ಯಾಕಿಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಮಾರಾಟಕ್ಕೆ ಬಂದ ವರ್ಷ ಹೊಸದು, ಪರದೆ ಮಾತ್ರ ಹಳೆಯ ಅಳತೆಯದು. ಅಂಥವರಿಗೆ ಸ್ಕ್ರಿಬಲ್ ಮತ್ತು ಡಿಕ್ಟೇಷನ್ ಎರಡೇ ದಾರಿ. ಅದರಿಂದ ದೊಡ್ಡ ನಷ್ಟವೇನೂ ಇಲ್ಲ, ಮುಂದೆ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ.

ನನ್ನದು ಹೊಸ ವಾಚ್. ಕೀಬೋರ್ಡ್ ಬರುತ್ತದೆ, ಆದರೆ ಸ್ಕ್ರಿಬಲ್ ಎಲ್ಲಿ ಹೋಯಿತು?

ಅಲ್ಲೇ ಇದೆ, ಮರೆಯಲ್ಲಿದೆ. ಕೀಬೋರ್ಡ್ ತೆರೆದಿರುವಾಗ ಪರದೆಯ ತಳದಿಂದ ಬೆರಳನ್ನು ಮೇಲಕ್ಕೆ ಎಳೆಯಿರಿ. ಸ್ಕ್ರಿಬಲ್ ಮತ್ತು ಕೀಬೋರ್ಡ್ ನಡುವೆ ಬದಲಿಸುವ ಬಟನ್ ಸಿಗುತ್ತದೆ. ಒಂದಕ್ಕಿಂತ ಹೆಚ್ಚು ಭಾಷೆ ಇಟ್ಟುಕೊಂಡಿದ್ದರೆ ಭಾಷೆ ಬದಲಿಸುವುದೂ ಇಲ್ಲಿಂದಲೇ. ಆ ಎಳೆತ ಒಂದು ಗೊತ್ತಿದ್ದರೆ ಅರ್ಧ ತಲೆನೋವು ಮುಗಿಯಿತು.

ಸ್ಕ್ರಿಬಲ್ ನನ್ನ ಅಕ್ಷರಗಳನ್ನು ತಪ್ಪಾಗಿ ಓದುತ್ತದೆ. ಏನು ಮಾಡಲಿ?

ಮೊದಲು ಬರೆಯುವ ವೇಗ ನೋಡಿ. ಒಂದಕ್ಕಿಂತ ಹೆಚ್ಚು ಗೆರೆ ಬೇಕಾದ ಅಕ್ಷರಗಳಲ್ಲೇ ತಪ್ಪು ಜಾಸ್ತಿ. t ಬರೆಯುವಾಗ ನಿಂತ ಗೆರೆ ಎಳೆದು, ಸ್ವಲ್ಪ ಯೋಚಿಸಿ, ಆಮೇಲೆ ಅಡ್ಡ ಗೆರೆ ಎಳೆದರೆ ವಾಚ್ ಅಷ್ಟರಲ್ಲಿ ಅದನ್ನು l ಎಂದು ಬರೆದುಬಿಟ್ಟಿರುತ್ತದೆ. ಅಡ್ಡ ಗೆರೆ ಇನ್ನೊಂದು ಅಕ್ಷರವಾಗಿ ಬೇರೆ ಬರುತ್ತದೆ. ಹಾಗಾಗಿ t, i, f, k, x ಇವುಗಳ ಎರಡನೇ ಗೆರೆಯನ್ನು ತಡಮಾಡದೆ ಎಳೆಯಿರಿ. ಒಂದು ಅಕ್ಷರದ ಒಳಗೆ ಬೇಗ, ಅಕ್ಷರ ಅಕ್ಷರದ ನಡುವೆ ನಿಧಾನ.

ಎರಡನೆಯದು ಆಕಾರ. ಚಿಕ್ಕ r ಬರೆಯುವಾಗ ಕೊಂಡಿ ಚೂಪಾದರೆ v ಆಗುತ್ತದೆ. n ನ ಎಡಗಾಲು ಮೇಲಕ್ಕೆ ಉದ್ದವಾದರೆ h ಆಗುತ್ತದೆ. u ನ ತಳ ಚೂಪಾದರೆ ಮತ್ತೆ v. ಇವು ನಮ್ಮ ಕೈಬರಹದ ಅಭ್ಯಾಸಗಳು. ಕಾಗದದ ಮೇಲೆ ಓದುವವರು ಇಡೀ ಪದ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ವಾಚ್‌ಗೆ ಅಕ್ಷರ ಒಂದೊಂದೇ ಸಿಗುತ್ತದೆ. ಶಾಲೆಯಲ್ಲಿ ಮೊದಲು ಕಲಿಸಿದ ಬಿಡಿ ಅಕ್ಷರಗಳ ಹಾಗೆ ಬರೆಯಿರಿ, ಕೂಡಿಸಿ ಬರೆಯುವ ಶೈಲಿ ಬೇಡ.

ಅಕ್ಷರ o ಮತ್ತು ಸೊನ್ನೆ, ಅಕ್ಷರ l ಮತ್ತು ಒಂದು ಇವು ಆಕಾರದಲ್ಲಿ ಹೆಚ್ಚುಕಡಿಮೆ ಒಂದೇ. ಅಂಕಿ ಬರೆಯಬೇಕಾದರೆ ಬರೆದ ಮೇಲೆ ಒಮ್ಮೆ ಮೇಲಿನ ಸಾಲು ನೋಡಿಯೇ ಮುಂದೆ ಹೋಗಿ. ಫೋನ್ ನಂಬರ್, ಬಾಗಿಲ ನಂಬರ್, ದುಡ್ಡಿನ ಮೊತ್ತ ಇದ್ದರಂತೂ ಕಳಿಸುವ ಮೊದಲು ನೋಡಲೇಬೇಕು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಯಾಕೆ ಪದಗಳೆಲ್ಲ ಬದಲಾಗಿಬಿಡುತ್ತವೆ?

ಇದೇ ನಮ್ಮವರ ಮುಖ್ಯ ಸಮಸ್ಯೆ. ಆದ್ದರಿಂದ ಒಂದು ಮೆಸೇಜ್ ತೆಗೆದುಕೊಂಡು ನಿಧಾನಕ್ಕೆ ನೋಡೋಣ. ಸಂಜೆ ಬಸ್ ತಪ್ಪಿದೆ. ಮನೆಗೆ ಹೇಳಬೇಕು. ಫೋನಲ್ಲಾದರೆ ನೀವು ಹೀಗೆ ಬರೆಯುತ್ತೀರಿ:

```
Bus miss aytu, 7:30 ge bartini
```

ಸ್ಪೇಸ್‌ಗಳೂ ಸೇರಿ 30 ಗುರುತುಗಳು. ಮೊದಲು ಕೀಬೋರ್ಡ್‌ನಲ್ಲಿ ಬೆರಳು ಎತ್ತದೆ, ಕೀಲಿಯಿಂದ ಕೀಲಿಗೆ ಎಳೆದು ಬರೆಯಲು ನೋಡಿ. ಇದಕ್ಕೆ ಆ್ಯಪಲ್ ಕೊಟ್ಟ ಹೆಸರು ಕ್ವಿಕ್‌ಪಾತ್. Bus ಬರುತ್ತದೆ, miss ಬರುತ್ತದೆ. aytu ಗೆ ಬಂದಾಗ ಕೆಡುತ್ತದೆ. ಕಾರಣ ಇಷ್ಟೇ: ಎಳೆದ ಗೆರೆಯಲ್ಲಿ ಯಾವ ಕೀಲಿ ನಿಮಗೆ ಬೇಕಿತ್ತು, ಯಾವುದು ಸುಮ್ನೆ ದಾರಿಯಲ್ಲಿ ಸಿಕ್ಕಿತು ಎಂದು ವಾಚ್‌ಗೆ ಗೊತ್ತಿರುವುದಿಲ್ಲ. ಆ ಗೆರೆಗೆ ಹೊಂದುವ ಇಂಗ್ಲಿಷ್ ಪದ ಯಾವುದು ಎಂದು ತನ್ನ ಪದಪಟ್ಟಿಯಲ್ಲಿ ಹುಡುಕುತ್ತದೆ. aytu ಆ ಪಟ್ಟಿಯಲ್ಲಿಲ್ಲ. ಇಲ್ಲದ ಪದ ಅದು ಎಲ್ಲಿಂದ ಕೊಡಬೇಕು? ಆದ್ದರಿಂದ ಕನ್ನಡ ಪದಗಳಿಗೆ ಎಳೆಯುವುದು ಬೇಡವೇ ಬೇಡ.

ಈಗ ಅದೇ ಕೀಬೋರ್ಡ್‌ನಲ್ಲಿ ಒಂದೊಂದೇ ಕೀಲಿ ಒತ್ತಿ. ಇಲ್ಲಿ aytu ಬರಬಹುದು. ಆದರೆ ಕೀಲಿ ತುಂಬಾ ಸಣ್ಣದು, ಬೆರಳ ತುದಿ ಪಕ್ಕದ ಕೀಲಿಯನ್ನೂ ಮುಟ್ಟುತ್ತದೆ. ಅದಕ್ಕಾಗಿಯೇ ವಾಚ್ ನಿಮ್ಮ ಒತ್ತುವಿಕೆಯನ್ನು ತುಸು ಸಡಿಲವಾಗಿ ತೆಗೆದುಕೊಂಡು, ಹತ್ತಿರದ ಇಂಗ್ಲಿಷ್ ಪದಕ್ಕೆ ಸರಿಪಡಿಸಲು ನೋಡುತ್ತದೆ. ಇಂಗ್ಲಿಷ್ ಬರೆಯುವವರಿಗೆ ಇದು ವರ. ನಮಗೆ bartini ಎನ್ನುವುದು martini ಆಗಿ ಹೋಗಬಹುದು, ge ಹೋಗಿ he ಆಗಬಹುದು. ಅಮ್ಮನಿಗೆ ಅಂಥ ಮೆಸೇಜ್ ಹೋದರೆ ಅರ್ಥವೇ ಆಗುವುದಿಲ್ಲ.

ಸ್ಕ್ರಿಬಲ್‌ನಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. b ಯಾವುದು m ಯಾವುದು ಎಂಬ ಗೊಂದಲ ಇಲ್ಲ, ಏಕೆಂದರೆ ಅವುಗಳ ಆಕಾರವೇ ಬೇರೆ. ಕೀಬೋರ್ಡ್‌ನಲ್ಲಿ ಅವು ಅಕ್ಕಪಕ್ಕದ ಬೀದಿಯವು, ಕೈಬರಹದಲ್ಲಿ ಸಂಬಂಧವೇ ಇಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಸ್ಕ್ರಿಬಲ್ ಕೀಬೋರ್ಡ್‌ಗಿಂತ ಮೇಲು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವೇಗ ಕಡಿಮೆ, ಆದರೆ ತಿದ್ದುವ ಕೆಲಸ ಕಡಿಮೆ. ಅದೂ ಒಮ್ಮೊಮ್ಮೆ ಪದ ಬದಲಿಸಲು ನೋಡುತ್ತದೆ. ಅದಕ್ಕೇ ಪ್ರತಿ ಪದದ ಕೊನೆಗೆ ಸ್ಪೇಸ್ ಒತ್ತಿದ ತಕ್ಷಣ ಒಮ್ಮೆ ಕಣ್ಣು ಹಾಯಿಸಿ. ಎಲ್ಲ ಬರೆದಾದ ಮೇಲೆ ನೋಡೋಣ ಎಂದರೆ ತಿದ್ದಲು ಹಿಂದೆ ಹೋಗಬೇಕು.

ಇನ್ನೊಂದು ದಾರಿಯೂ ಇದೆ. ಮೆಸೇಜನ್ನೇ ಬದಲಿಸಿ:

```
Missed bus. Home 7:30
```

ಇದರಲ್ಲಿ ಪ್ರತಿ ಪದವೂ ಇಂಗ್ಲಿಷ್‌ನದೇ. ಎಳೆದರೂ ಬರುತ್ತದೆ, ಒತ್ತಿದರೂ ಬರುತ್ತದೆ, ಹೇಳಿದರೂ ಬರುತ್ತದೆ. ಮನೆಯಲ್ಲಿ ಓದುವವರಿಗೆ ಇಷ್ಟು ಇಂಗ್ಲಿಷ್ ತೊಂದರೆ ಇಲ್ಲ ಎಂದಾದರೆ ಇದೇ ಬೇಗ ಆಗುವ ದಾರಿ.

ಬರೆದದ್ದರ ಮಧ್ಯೆ ಒಂದು ಪದ ತಪ್ಪಾಗಿದೆ. ಪೂರ್ತಿ ಅಳಿಸಬೇಕಾ?

ಬೇಡ. ಪಕ್ಕದ ತಿರುಗಿಸುವ ಗುಂಡಿ, ಅಂದರೆ ಡಿಜಿಟಲ್ ಕ್ರೌನ್, ತಿರುಗಿಸಿದರೆ ಕರ್ಸರ್ ಹಿಂದೆ ಮುಂದೆ ಓಡಾಡುತ್ತದೆ. ತಪ್ಪಿನ ಜಾಗಕ್ಕೆ ತಂದು ಅಲ್ಲಿ ಅಳಿಸಿ, ಬರೆಯಿರಿ. ಇನ್ನೊಂದು ವಿಧ: ತಪ್ಪಾದ ಪದವನ್ನು ಬೆರಳಲ್ಲಿ ಮುಟ್ಟಿ. ಅದರ ಬಣ್ಣ ಬದಲಾದ ಮೇಲೆ ಕ್ರೌನ್ ತಿರುಗಿಸಿ. ಆ ಪದಕ್ಕೆ ಬದಲಿ ಪದಗಳು ಒಂದೊಂದಾಗಿ ಬರುತ್ತವೆ. ಬೇಕಾದದ್ದು ಬಂದಾಗ ತಿರುಗಿಸುವುದನ್ನು ನಿಲ್ಲಿಸಿದರೆ ಸಾಕು.

ಅರ್ಧ ಬರೆದ ಇಂಗ್ಲಿಷ್ ಪದವನ್ನು ಮುಗಿಸಲೂ ಇದೇ ಉಪಾಯ. tom ಅಂತ ಬರೆದು ಬದಲಿ ಪದಗಳಲ್ಲಿ tomorrow ಹುಡುಕಿದರೆ ಐದು ಅಕ್ಷರ ಉಳಿಯಿತು. ಕನ್ನಡ ಪದಕ್ಕೆ ಇದು ನಡೆಯುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಾಚ್‌ನಲ್ಲಿ ಬರೆಯುವುದಕ್ಕಿಂತ ತಿದ್ದುವುದು ಕಷ್ಟ. ಫೋನಲ್ಲಿ ತಪ್ಪಾದರೆ ಬೆರಳಿಟ್ಟು ಸರಿಮಾಡುತ್ತೀರಿ. ವಾಚ್‌ನಲ್ಲಿ ಬೆರಳೇ ಪದವನ್ನು ಮುಚ್ಚಿಬಿಡುತ್ತದೆ. ಹಾಗಾಗಿ "ಯಾವುದು ವೇಗ" ಎಂದು ಕೇಳಿಕೊಳ್ಳಬೇಡಿ. "ಈ ಮೆಸೇಜನ್ನು ಯಾವ ದಾರಿಯಲ್ಲಿ ಬರೆದರೆ ತಿದ್ದುವುದು ಕಡಿಮೆ" ಎಂದು ಕೇಳಿಕೊಳ್ಳಿ. ಮುಂದಿನ ಉತ್ತರಕ್ಕೂ ಇದೇ ಅಳತೆಗೋಲು.

ಹಾಗಾದರೆ ಹೇಳಿ ಬರೆಸುವುದು ಯಾವಾಗ ಒಳ್ಳೆಯದು?

ವಾಕ್ಯ ಪೂರ್ತಿ ಇಂಗ್ಲಿಷ್‌ನಲ್ಲಿದ್ದು, ಐದಾರು ಪದಕ್ಕಿಂತ ಉದ್ದ ಇದ್ದರೆ ಡಿಕ್ಟೇಷನ್ ಬಿಟ್ಟು ಬೇರೆ ಯೋಚನೆ ಬೇಡ. ಆಫೀಸಿನ ಉತ್ತರಗಳು ಸಾಮಾನ್ಯವಾಗಿ ಇಂಥವೇ. ಮೈಕ್ ಗುರುತು ಒತ್ತಿ, ಹೇಳಿ, ಮುಗಿದ ಮೇಲೆ Done ಒತ್ತಿ. ಚಿಹ್ನೆಗಳನ್ನೂ ಬಾಯಲ್ಲೇ ಹೇಳಬಹುದು:

```
I will join by ten thirty comma can you start without me question mark
```

ಹೀಗೆ ಹೇಳಿದರೆ ಅಲ್ಪವಿರಾಮ, ಪ್ರಶ್ನೆ ಚಿಹ್ನೆ ತಮ್ಮ ಜಾಗದಲ್ಲಿ ಬರುತ್ತವೆ. ಇದನ್ನೇ ಸ್ಕ್ರಿಬಲ್‌ನಲ್ಲಿ ಬರೆಯಲು ಹೊರಟರೆ ಮೀಟಿಂಗ್ ಅರ್ಧ ಆಗಿರುತ್ತದೆ.

ಡಿಕ್ಟೇಷನ್‌ಗೆ ಒಂದು ಗುಣ ಇದೆ, ಜನ ಅದನ್ನು ಗಮನಿಸುವುದಿಲ್ಲ. ಅದು ವಾಕ್ಯದ ಜಾಡು ಹಿಡಿದು ಪದ ಊಹಿಸುತ್ತದೆ. ಆದ್ದರಿಂದ ಪದ ಪದವಾಗಿ ಬಿಡಿಸಿ ಹೇಳಿದರೆ ಅದಕ್ಕೆ ಸಹಾಯ ಆಗುವುದಿಲ್ಲ, ತೊಂದರೆಯೇ ಜಾಸ್ತಿ. ಪಕ್ಕದಲ್ಲಿ ಕುಳಿತವರಿಗೆ ಹೇಳುವ ಹಾಗೆ, ಒಂದೇ ಓಘದಲ್ಲಿ ಪೂರ್ತಿ ವಾಕ್ಯ ಹೇಳಿ. ಅದಕ್ಕೆ ಮೊದಲು ಏನು ಹೇಳಬೇಕು ಎಂದು ಮನಸ್ಸಲ್ಲಿ ಗಟ್ಟಿ ಮಾಡಿಕೊಳ್ಳಿ. ಮಧ್ಯೆ ನಿಂತು "ಅದೂ... ಏನಂದ್ರೆ..." ಎಂದರೆ ಅದೂ ಇಂಗ್ಲಿಷ್ ಪದವಾಗಿ ಮೆಸೇಜಿಗೆ ಸೇರುತ್ತದೆ.

ಹೇಳಿ ಬರೆಸಬಾರದ ಸಂದರ್ಭಗಳೂ ಇವೆ. ಒಂದೇ ವಾಕ್ಯದಲ್ಲಿ ಕನ್ನಡ ಇಂಗ್ಲಿಷ್ ಎರಡೂ ಬೆರೆತಿದ್ದರೆ ಬೇಡ. ಇಂಗ್ಲಿಷ್ ಆರಿಸಿಕೊಂಡು "ನಾಳೆ ಆಫೀಸ್‌ಗೆ ಲೇಟಾಗಿ ಬರ್ತೀನಿ" ಎಂದರೆ ಅದಕ್ಕೆ ಆಫೀಸ್, ಲೇಟ್ ಮಾತ್ರ ಸಿಗುತ್ತದೆ. ಉಳಿದದ್ದಕ್ಕೆ ಕೇಳಿಸಿದ ಹಾಗೆ ಇಂಗ್ಲಿಷ್ ಪದ ತುಂಬುತ್ತದೆ. ಆರೋಗ್ಯದ ವಿಷಯ, ದುಡ್ಡಿನ ವಿಷಯ, ಮನೆಯ ಜಗಳ ಇವನ್ನು ಬಸ್ಸಲ್ಲಿ ಕುಳಿತು ವಾಚ್‌ಗೆ ಹೇಳುವುದೂ ಬೇಡ. ಆಗ ನಿಧಾನವಾದರೂ ಸ್ಕ್ರಿಬಲ್ ಸರಿ, ಪಕ್ಕದವರಿಗೆ ಏನೂ ಗೊತ್ತಾಗುವುದಿಲ್ಲ.

"Ok", "Yes", "Coming" ಇಂಥ ಒಂದು ಪದಕ್ಕೆ ಯಾವುದೂ ಬೇಡ. ಸಿದ್ಧ ಉತ್ತರಗಳ ಪಟ್ಟಿಯಲ್ಲಿ ಒಂದನ್ನು ಮುಟ್ಟಿ ಕಳಿಸಿ.

ಡಿಕ್ಟೇಷನ್ ನಮ್ಮ ಊರು, ಜನರ ಹೆಸರುಗಳನ್ನು ಕೆಡಿಸುತ್ತದೆ. ದಾರಿ ಇದೆಯಾ?

ಮೊದಲ ಕೆಲಸ, ಇಂಗ್ಲಿಷ್‌ಗಳಲ್ಲಿ ಭಾರತದ ಇಂಗ್ಲಿಷ್ ಆರಿಸಿಕೊಳ್ಳಿ. ಅಮೆರಿಕದ ಇಂಗ್ಲಿಷ್ ಇಟ್ಟುಕೊಂಡು ನಮ್ಮ ಉಚ್ಚಾರಣೆಯಲ್ಲಿ ಮಾತಾಡಿದರೆ ತಪ್ಪು ಜಾಸ್ತಿ.

ಎರಡನೆಯದಾಗಿ, ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ವಾಕ್ಯವನ್ನು ಬಾಯಲ್ಲಿ ಹೇಳಿ, ಹೆಸರು ಬರಬೇಕಾದ ಜಾಗ ಕೊನೆಯಲ್ಲಿದ್ದರೆ ಅಲ್ಲಿಗೆ ಡಿಕ್ಟೇಷನ್ ನಿಲ್ಲಿಸಿ ಆ ಒಂದು ಪದವನ್ನು ಮಾತ್ರ ಸ್ಕ್ರಿಬಲ್‌ನಲ್ಲಿ ಬರೆಯಿರಿ. "Please collect the parcel from" ಎಂದು ಹೇಳಿ, Hosakerehalli ಎಂದು ಕೈಯಲ್ಲಿ ಬರೆಯುವುದು. ಮೂರು ದಾರಿಗಳನ್ನೂ ಒಂದೇ ಮೆಸೇಜಿನಲ್ಲಿ ಬೆರೆಸಬಹುದು ಎನ್ನುವುದು ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ. ನನಗೆ ಇದು ತುಂಬಾ ಇಷ್ಟವಾದ ವಿಧಾನ.

ಸಿರಿಗೆ "ಇಂಥವರಿಗೆ ಮೆಸೇಜ್ ಕಳಿಸು" ಎಂದಾಗ ಆಕೆ ಬೇರೆಯವರನ್ನು ಹಿಡಿದರೆ, ತೊಂದರೆ ಕಾಂಟ್ಯಾಕ್ಟ್‌ನಲ್ಲಿದೆ. ಐಫೋನಿನಲ್ಲಿ ಆ ವ್ಯಕ್ತಿಯ ಕಾಂಟ್ಯಾಕ್ಟ್ ತೆರೆದು Edit ಒತ್ತಿ, add field ಒಳಗೆ Pronunciation first name ಸೇರಿಸಿ, ಹೆಸರು ಕೇಳಿಸುವ ಹಾಗೆ ಬರೆಯಿರಿ. ಇಲ್ಲವೇ ಅಡ್ಡಹೆಸರು ಕೊಡಿ. ಕಾಂಟ್ಯಾಕ್ಟ್‌ನಲ್ಲಿ ಸಂಬಂಧ ಗುರುತಿಸಿದ್ದರೆ "my sister" ಎಂದರೂ ಆಗುತ್ತದೆ.

ಗದ್ದಲದಲ್ಲಿ ಅದಕ್ಕೆ ಏನೂ ಕೇಳಿಸುವುದಿಲ್ಲ. ವಾಚ್ ಹೇಗೆ ಹಿಡಿಯಬೇಕು?

ಸೀರೀಸ್ 4ರಿಂದ ಈಚೆಗೆ ಮೈಕ್ ಇರುವುದು ಕ್ರೌನ್ ಮತ್ತು ಅದರ ಕೆಳಗಿನ ಪಕ್ಕದ ಬಟನ್ ನಡುವೆ, ಒಂದು ಸಣ್ಣ ತೂತು. ಉದ್ದ ತೋಳಿನ ಅಂಗಿ, ಸ್ವೆಟರ್ ಹಾಕಿದಾಗ ಅದರ ಅಂಚು ಆ ತೂತಿನ ಮೇಲೆ ಬಂದಿರಬಹುದು. ಮಣಿಕಟ್ಟನ್ನು ಬಾಯಿಂದ ಒಂದು ಗೇಣು ದೂರಕ್ಕೆ ತನ್ನಿ. ತುಟಿಗೆ ಒತ್ತಿ ಹಿಡಿದರೆ ಉಸಿರಿನ ಸದ್ದೇ ತುಂಬುತ್ತದೆ. ಜೋರಾಗಿ ಕೂಗುವುದೂ ಬೇಡ.

ಇಷ್ಟಾದರೂ ಆಗದ ಜಾಗಗಳಿವೆ. ಬಸ್ ಇಂಜಿನ್ ಪಕ್ಕ, ಮದುವೆ ಮನೆಯ ವಾಲಗದ ಹತ್ತಿರ, ಮೆಟ್ರೋದಲ್ಲಿ ಪ್ರಕಟಣೆ ಬರುತ್ತಿರುವಾಗ. ಪ್ರಕಟಣೆಯ ಪದಗಳೇ ನಿಮ್ಮ ಮೆಸೇಜಿಗೆ ಸೇರಿಕೊಂಡರೆ ಅಚ್ಚರಿ ಇಲ್ಲ. ಅಲ್ಲಿ ಸ್ಕ್ರಿಬಲ್ ಮಾಡಿ, ಇಲ್ಲವೇ ಪ್ರಕಟಣೆ ಮುಗಿಯುವವರೆಗೆ ಕಾಯಿರಿ.

ಎಲ್ಲೆಡೆಯೂ, ನಿಶ್ಶಬ್ದ ಕೋಣೆಯಲ್ಲೂ ಧ್ವನಿ ಮಂಕಾಗಿ ಹೋಗುತ್ತಿದ್ದರೆ ತೂತಿನಲ್ಲಿ ನೀರು ಅಥವಾ ಕೊಳೆ ನಿಂತಿರಬಹುದು. ಗೊತ್ತುಮಾಡಿಕೊಳ್ಳಲು ವಾಯ್ಸ್ ಮೆಮೊಸ್‌ನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿ ಕೇಳಿ. ಅದೂ ಮಂಕಾಗಿದ್ದರೆ ತೊಂದರೆ ಮೈಕ್‌ನದು. ಅದು ಸ್ಪಷ್ಟವಾಗಿದ್ದು ಪದಗಳು ಮಾತ್ರ ತಪ್ಪಾಗುತ್ತಿದ್ದರೆ ತೊಂದರೆ ಭಾಷೆಯ ಆಯ್ಕೆಯಲ್ಲಿದೆ.

ಕೈಯಲ್ಲಿ ಚೀಲ ಇದೆ, ಇನ್ನೊಂದು ಕೈ ಖಾಲಿ ಇಲ್ಲ. ಬರೆಯಲು ಆಗುತ್ತಾ?

ಸ್ಕ್ರಿಬಲ್‌ಗೂ ಕೀಬೋರ್ಡ್‌ಗೂ ಎರಡು ಕೈ ಬೇಕು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ವಾಚ್ ಕಟ್ಟಿದ ಕೈಯನ್ನು ಎತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಬರೆಯಬೇಕು. ಆದ್ದರಿಂದ ಸಂತೆಯಲ್ಲಿ, ಮಗು ಎತ್ತಿಕೊಂಡಾಗ, ಅಡುಗೆ ಮಾಡುವಾಗ ಮಾತೇ ಸರಿ.

ಸೀರೀಸ್ 9 ಮತ್ತು ಅಲ್ಟ್ರಾ 2ರಿಂದ ಒಂದು ಒಳ್ಳೆಯ ಅನುಕೂಲ ಬಂದಿದೆ. ವಾಚ್ ಕಟ್ಟಿದ ಕೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಎರಡು ಸಲ ತಟ್ಟಬೇಕು. ಮೆಸೇಜ್ ಬಂದು ಪರದೆಯಲ್ಲಿ ಕಾಣುತ್ತಿರುವಾಗ ಹೀಗೆ ತಟ್ಟಿದರೆ ಉತ್ತರ ಹೇಳಲು ಮೈಕ್ ತೆರೆಯುತ್ತದೆ. ಹೇಳಿ ಮುಗಿಸಿ ಮತ್ತೆ ತಟ್ಟಿದರೆ ಹೋಗುತ್ತದೆ. ಇನ್ನೊಂದು ಕೈ ಬೇಕಾಗಿಯೇ ಇಲ್ಲ. ಹಳೆಯ ಮಾಡೆಲ್ ಆದರೆ ಮಣಿಕಟ್ಟು ಬಾಯಿ ಹತ್ತಿರ ತಂದು ಸಿರಿಗೆ ನೇರವಾಗಿ ಹೇಳಬಹುದು. ಸೀರೀಸ್ 3ರಿಂದಲೂ ಇದು ಇದೆ.

ಮಳೆಯಲ್ಲಿ ಅಥವಾ ಒದ್ದೆ ಕೈಯಲ್ಲಿ?

ಪರದೆ ಒದ್ದೆಯಾದರೆ ನೀರಿನ ಹನಿಯನ್ನೂ ಅದು ಬೆರಳು ಎಂದುಕೊಳ್ಳುತ್ತದೆ. ಸ್ಕ್ರಿಬಲ್‌ನಲ್ಲಿ ಬೇಡದ ಗೆರೆ, ಕೀಬೋರ್ಡ್‌ನಲ್ಲಿ ಬೇಡದ ಅಕ್ಷರ. ಒರೆಸಿಕೊಳ್ಳಲು ಆಗದಿದ್ದರೆ ಹೇಳಿ ಬರೆಸಿ. ಈಜಿ ಬಂದ ಮೇಲೆ ವಾಟರ್ ಲಾಕ್ ಇನ್ನೂ ಆನ್ ಇದ್ದರೆ ಪರದೆ ಸ್ಪಂದಿಸುವುದೇ ಇಲ್ಲ. ಕ್ರೌನ್ ಒತ್ತಿ ಹಿಡಿದು ಅದನ್ನು ತೆಗೆಯಿರಿ, ಹಳೆಯ ವಾಚ್ಓಎಸ್‌ನಲ್ಲಾದರೆ ಕ್ರೌನ್ ತಿರುಗಿಸಿ.

ಕನ್ನಡ ಲಿಪಿಯಲ್ಲಿಯೇ ಬರೆಯಬೇಕು. ಸ್ಕ್ರಿಬಲ್‌ನಲ್ಲಿ ಅ ಆ ಇ ಈ ಬರೆಯಬಹುದಾ?

ಆಗುವುದಿಲ್ಲ. ಸ್ಕ್ರಿಬಲ್ ಕನ್ನಡ ಅಕ್ಷರಗಳನ್ನು ಗುರುತಿಸುವುದಿಲ್ಲ. ಬಂದ ಕನ್ನಡ ಮೆಸೇಜ್ ವಾಚ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಬರೆಯಲು ಮಾತ್ರ ಸುತ್ತುದಾರಿ ಬೇಕು. ಕೀಬೋರ್ಡ್ ಅಥವಾ ಡಿಕ್ಟೇಷನ್‌ನಲ್ಲಿ ತಳದಿಂದ ಮೇಲಕ್ಕೆ ಎಳೆದಾಗ ಬರುವ ಭಾಷೆಗಳ ಪಟ್ಟಿ ನೋಡಿ. ಅಲ್ಲಿ ಹೆಸರಿರುವ ಭಾಷೆಯಲ್ಲಿ ಮಾತ್ರ ಆಯಾ ದಾರಿ ಕೆಲಸ ಮಾಡುತ್ತದೆ. ಇಷ್ಟು ದೊಡ್ಡ ಭಾಷೆಗೆ ಕೈಬರಹದ ಸೌಲಭ್ಯ ಇಲ್ಲದಿರುವುದು ನನಗೆ ನಿಜವಾಗಿ ಬೇಸರದ ವಿಷಯ. ಆದರೂ ಮೂರು ಉಪಾಯಗಳು ಇವೆ, ಮೂರೂ ಉಪಯೋಗದವೇ.

ಮೊದಲನೆಯದು ಸಿದ್ಧ ಉತ್ತರ. ಐಫೋನಿನ Watch ಆ್ಯಪ್ ತೆರೆಯಿರಿ. Messages ಒಳಗೆ Default Replies ಇದೆ. ಅಲ್ಲಿರುವ ಇಂಗ್ಲಿಷ್ ಉತ್ತರಗಳನ್ನು ಅಳಿಸಿ, ನಿಮಗೆ ಬೇಕಾದದ್ದನ್ನು ಐಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಬರೆದು ಸೇರಿಸಿ. ಸುಮ್ನೆ ಹತ್ತಾರು ತುಂಬಬೇಡಿ. ವಾಚ್‌ನಲ್ಲಿ ಹುಡುಕುತ್ತಾ ಹೋಗಬೇಕಾಗುತ್ತದೆ. ನಿಮ್ಮ ಹಳೆಯ ಮೆಸೇಜ್ ತೆಗೆದು ನೋಡಿ, ಯಾವ ಮಾತು ಮತ್ತೆ ಮತ್ತೆ ಬಂದಿದೆ ಅಂತ. "ಹೊರಟೆ", "ಹತ್ತು ನಿಮಿಷ", "ಆಮೇಲೆ ಫೋನ್ ಮಾಡ್ತೀನಿ", "ಊಟ ಮಾಡಿ, ಕಾಯಬೇಡಿ", "ತಲುಪಿದೆ". ದಿನದ ಮನೆ ಮೆಸೇಜುಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಮುಗಿಯುತ್ತವೆ. ಮೇಲೆ ಹೇಳಿದ ಬಸ್ ತಪ್ಪಿದ ಮೆಸೇಜಿಗೂ "ತಡವಾಗುತ್ತೆ, ಕಾಯಬೇಡಿ" ಎಂಬ ಸಿದ್ಧ ಉತ್ತರ ಒಂದಿದ್ದರೆ ಎರಡು ಸಲ ಮುಟ್ಟಿದರೆ ಮುಗಿಯಿತು. ಸಮಯ ಹೇಳಬೇಕಾದರೆ ಅದರ ಹಿಂದೆಯೇ 7:30 ಎಂದು ಸ್ಕ್ರಿಬಲ್ ಮಾಡಿ ಇನ್ನೊಂದು ಮೆಸೇಜ್ ಕಳಿಸಿ.

ಎರಡನೆಯದು, ಹತ್ತಿರ ಇರುವ ಐಫೋನನ್ನೇ ಕೀಬೋರ್ಡ್ ಮಾಡಿಕೊಳ್ಳುವುದು. ವಾಚ್‌ನಲ್ಲಿ ಬರೆಯಲು ಶುರು ಮಾಡಿದಾಗ ಐಫೋನಿನಲ್ಲಿ ಒಂದು ನೋಟಿಫಿಕೇಷನ್ ಬರುತ್ತದೆ. ಅದನ್ನು ಮುಟ್ಟಿ ಫೋನಿನಲ್ಲೇ ಟೈಪ್ ಮಾಡಿದರೆ ವಾಚ್‌ಗೆ ಹೋಗುತ್ತದೆ. ಫೋನೇ ಕೈಯಲ್ಲಿದ್ದರೆ ವಾಚ್ ಯಾಕೆ ಎಂದು ಕೇಳಬಹುದು. ಮೆಸೇಜಿಗೆ ಇದು ಬೇಡ, ನಿಜ. ವಾಚ್‌ನ ಆ್ಯಪ್ ಒಂದರಲ್ಲಿ ವಿಳಾಸ, ಪಾಸ್‌ವರ್ಡ್, ರಿಮೈಂಡರ್ ತುಂಬಬೇಕಾದಾಗ ತುಂಬಾ ಅನುಕೂಲ. ನೋಟಿಫಿಕೇಷನ್ ಬರುತ್ತಿಲ್ಲ ಅಂದರೆ ಐಫೋನಿನ Settings, Notifications ಒಳಗೆ Apple Watch Keyboard ಆಫ್ ಆಗಿದೆಯಾ ನೋಡಿ.

ಮೂರನೆಯದು, ಬರೆಯದೇ ಧ್ವನಿಯನ್ನೇ ಕಳಿಸುವುದು. ಕನ್ನಡದ ಉದ್ದ ಮಾತಿಗೆ ಇದರಷ್ಟು ಒಳ್ಳೆಯ ದಾರಿ ವಾಚ್‌ನಲ್ಲಿ ಇನ್ನೊಂದಿಲ್ಲ. Watch ಆ್ಯಪ್‌ನ Messages ಒಳಗೆ Dictated Messages ಎಂಬ ಸೆಟ್ಟಿಂಗ್ ಇದೆ. ಅದರಲ್ಲಿ Transcript or Audio ಆರಿಸಿದರೆ, ಹೇಳಿದ ಮೇಲೆ ಬರಹವಾಗಿ ಕಳಿಸಬೇಕಾ, ಧ್ವನಿಯಾಗಿ ಕಳಿಸಬೇಕಾ ಎಂದು ನಿರ್ಧರಿಸಬಹುದು. ನಮ್ಮಲ್ಲಿ ಹೆಚ್ಚಿನವರು ಬಳಸುವುದು ವಾಟ್ಸಾಪ್. ಅದು 2025ರ ನವೆಂಬರ್‌ನಲ್ಲಿ ಆ್ಯಪಲ್ ವಾಚ್‌ಗೆ ತನ್ನದೇ ಆ್ಯಪ್ ತಂದಿತು, ಅದರಲ್ಲಿ ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿ ಕಳಿಸಬಹುದು. ಅಜ್ಜಿಗೆ, ಓದಲು ಕನ್ನಡಕ ಹುಡುಕುವ ಅಪ್ಪನಿಗೆ ನಿಮ್ಮ ಧ್ವನಿ ಬಂದರೆ ಅವರಿಗೂ ಸುಲಭ. ಮೀಟಿಂಗ್‌ನಲ್ಲಿ ಕುಳಿತವರಿಗೆ ಮಾತ್ರ ಧ್ವನಿ ಕಳಿಸಬೇಡಿ, ಅವರು ಅದನ್ನು ಆಗಲೇ ಕೇಳಲು ಆಗುವುದಿಲ್ಲ.

ವೈಫೈ ಪಾಸ್‌ವರ್ಡ್ ಹಾಕಬೇಕು. ಯಾವುದು ಸರಿ?

ಬಾಯಲ್ಲಿ ಹೇಳುವುದಂತೂ ಬೇಡ. ಸುತ್ತಲಿನವರಿಗೂ ಕೇಳಿಸುತ್ತದೆ, ಪಾಸ್‌ವರ್ಡ್ ಎಂದರೆ ಸಾಮಾನ್ಯ ಪದವೂ ಅಲ್ಲ. ಫೋನ್ ಹತ್ತಿರ ಇದ್ದರೆ ಮೇಲೆ ಹೇಳಿದಂತೆ ಅದರ ಕೀಬೋರ್ಡ್‌ನಲ್ಲೇ ಹಾಕಿ. ಇಲ್ಲದಿದ್ದರೆ ಸ್ಕ್ರಿಬಲ್. ಪಾಸ್‌ವರ್ಡ್ ಜಾಗದಲ್ಲಿ ಒಂದು ಅಕ್ಷರ ಬರೆದ ಮೇಲೆ ಕ್ರೌನ್ ತಿರುಗಿಸಿ ಅದನ್ನು ದೊಡ್ಡಕ್ಷರವೋ ಚಿಕ್ಕಕ್ಷರವೋ ಎಂದು ಆರಿಸಬಹುದು. s, c, o, w ಇವು ಎರಡರಲ್ಲೂ ಒಂದೇ ಆಕಾರದವು. ಅವುಗಳಲ್ಲೇ ತಪ್ಪುವುದು ಜಾಸ್ತಿ, ಅಲ್ಲಿ ಮಾತ್ರ ನಿಂತು ನೋಡಿ.

ಫೋನ್ ಮನೆಯಲ್ಲಿ ಬಿಟ್ಟು ವಾಕಿಂಗ್ ಹೋದಾಗ ಇವೆಲ್ಲ ನಡೆಯುತ್ತಾ?

ಸ್ಕ್ರಿಬಲ್, ಕೀಬೋರ್ಡ್ ವಾಚ್‌ನಲ್ಲೇ ನಡೆಯುತ್ತವೆ. ಬರೆದದ್ದನ್ನು ಕಳಿಸಲು ಮಾತ್ರ ಸೆಲ್ಯುಲಾರ್ ಅಥವಾ ಗೊತ್ತಿರುವ ವೈಫೈ ಬೇಕು. ಡಿಕ್ಟೇಷನ್ ಹಳೆಯ ಮಾಡೆಲ್‌ಗಳಲ್ಲಿ ಸಂಪರ್ಕ ಇಲ್ಲದಾಗ ಕೈಕೊಡುತ್ತದೆ, ಮೈಕ್ ತೆರೆದರೂ ಪದ ಬರುವುದಿಲ್ಲ. ಹಾಗಾದಾಗ ಮತ್ತೆ ಮತ್ತೆ ಕೂಗಿ ಪ್ರಯೋಜನ ಇಲ್ಲ, ಸ್ಕ್ರಿಬಲ್‌ಗೆ ಬನ್ನಿ. ಸೀರೀಸ್ 9ರಲ್ಲಿ ಸಿರಿಯ ಕೆಲವು ಕೆಲಸಗಳು ವಾಚ್‌ನೊಳಗೇ ಆಗುವಂತಾಯಿತು. ಡಿಕ್ಟೇಷನ್ ಸೀರೀಸ್ 8ಕ್ಕಿಂತ ಶೇ. 25ರವರೆಗೆ ಹೆಚ್ಚು ನಿಖರ ಎಂದು ಆ್ಯಪಲ್ ಆಗ ಹೇಳಿತ್ತು.

ಗಾಡಿ ಓಡಿಸುವಾಗ?

ಸ್ಕೂಟರ್, ಬೈಕ್ ಮೇಲೆ ಯಾವುದೂ ಬೇಡ, ಮಾತೂ ಬೇಡ. ಮಣಿಕಟ್ಟು ಬಾಯಿಗೆ ತರಬೇಕಾದರೆ ಹ್ಯಾಂಡಲ್ ಬಿಡಬೇಕು. ಕಾರಿನಲ್ಲೂ ಹೇಳಿದ ಮೇಲೆ ಸರಿಯಾಗಿದೆಯಾ ಎಂದು ಓದಲು ಕಣ್ಣು ರಸ್ತೆಯಿಂದ ಸರಿಯುತ್ತದೆ. ಪಕ್ಕಕ್ಕೆ ನಿಲ್ಲಿಸಿ ಕಳಿಸಿ.

ನನ್ನದು ಆ್ಯಪಲ್ ವಾಚ್ ಅಲ್ಲ. ಇದರಲ್ಲಿ ನನಗೆ ಉಪಯೋಗ ಆಗುವುದು ಯಾವುದು?

ವೇರ್ ಓಎಸ್ ಇರುವ ವಾಚ್ ಆದರೆ ಹೆಚ್ಚಿನದು ಹೊಂದುತ್ತದೆ. ಅದಕ್ಕೆ 2021ರಲ್ಲಿ ಜಿಬೋರ್ಡ್ ಬಂತು, ಒತ್ತಬಹುದು, ಎಳೆಯಬಹುದು, ಹೇಳಬಹುದು. ಎಳೆದು ಬರೆಯುವುದು ಅಲ್ಲೂ ಪದಪಟ್ಟಿಯನ್ನೇ ನಂಬಿದೆ. ಆದ್ದರಿಂದ ಇಂಗ್ಲಿಷ್ ಪಟ್ಟಿ ಇಟ್ಟುಕೊಂಡು aytu, bartini ಎಳೆಯುವ ಕಷ್ಟ ಅಲ್ಲೂ ಇದೆ. ಒತ್ತಿಯೇ ಬರೆಯಿರಿ.

ಕಡಿಮೆ ಬೆಲೆಯ ವಾಚ್‌ಗಳಲ್ಲಿ ಸಾಮಾನ್ಯವಾಗಿ ಬರೆಯುವ ಸೌಲಭ್ಯವೇ ಇರುವುದಿಲ್ಲ, ಇದ್ದರೆ ಸಿದ್ಧ ಉತ್ತರ ಮಾತ್ರ. ಅದರ ಜೊತೆಗಿನ ಫೋನ್ ಆ್ಯಪ್‌ನಲ್ಲಿ ಆ ಉತ್ತರಗಳನ್ನು ಬದಲಿಸಲು ಬಿಟ್ಟಿದ್ದಾರಾ ನೋಡಿ. ಬಿಟ್ಟಿದ್ದರೆ ಕನ್ನಡದಲ್ಲಿ ಒಂದು ಹಾಕಿ, ಕಳಿಸಿ ನೋಡಿ. ಕೆಲವು ವಾಚ್‌ಗಳಲ್ಲಿ ಕನ್ನಡ ಫಾಂಟ್ ಇಲ್ಲದೆ ಪರದೆಯ ಮೇಲೆ ಚೌಕಗಳು ಕಾಣುತ್ತವೆ. ನೀವು ಯಾರಿಗೆ ಕಳಿಸಿದಿರೋ ಅವರ ಫೋನಿಗೆ ಅದು ಸರಿಯಾಗಿ ತಲುಪಿದೆಯಾ ಎಂದು ಒಮ್ಮೆ ಕೇಳಿ. ತಲುಪಿದ್ದರೆ, ಪಟ್ಟಿಯಲ್ಲಿ ಎಷ್ಟನೆಯದು ಯಾವ ಉತ್ತರ ಎಂದು ನೆನಪಿಟ್ಟುಕೊಂಡು ಹಾಗೆಯೇ ಬಳಸಬಹುದು.